ಮೋಟಾರ್ ಎಷ್ಟು ಎಚ್‌ಪಿ, ನೀರು ಯಾವುದಕ್ಕೆ?

ಪ್ರಶ್ನೆ: ಸಕಲೇಶಪುರದ ಕಡೆ ಪಂಪು, ಸ್ಪ್ರಿಂಕ್ಲರ್ ಅಂಗಡಿ ಇಟ್ಟಿದ್ದೀನಿ. ತೋಟದವರು ಅರ್ಧಂಬರ್ಧ ಹೇಳ್ತಾರೆ, ಹತ್ತು ಪ್ರಶ್ನೆ ಕೇಳಿದ್ರೆ ಬೇಜಾರಾಗ್ತಾರೆ. ಎಲ್ಲಾ ಸೇರಿಸಿ ಒಂದು ಫಾರಂ ಮಾಡಿಸಲಾ?

ಫಾರಂ ಬೇಡ. ಖಾಲಿ ಜಾಗ ಕಂಡರೆ ಜನ ಅಂದಾಜಿಗೆ ಏನೋ ಒಂದು ತುಂಬಿಬಿಡ್ತಾರೆ. ನಮ್ಮಲ್ಲೂ ಇದೇ ಪಾಡಿತ್ತು, ಈಗ ಮೊದಲು ಒಂದೇ ವಿಷಯ ನೋಡ್ತೀನಿ: ಅವರು ಹೇಳಿದಷ್ಟರಿಂದ ಲೆಕ್ಕ ಬರೆಯೋಕೆ ಆಗುತ್ತಾ, ಇಲ್ವಾ?

"ನಾಲ್ಕು ಎಕರೆ ರೋಬಸ್ಟಾ ಕಾಫಿ, ಹೂವಿಗೆ ಒಂದೂವರೆ ಇಂಚು ನೀರು ಕೊಡಬೇಕು, ನಾಲ್ಕು ದಿನದಲ್ಲಿ ಮುಗೀಬೇಕು" ಅಂದರೆ ಲೆಕ್ಕ ಸಿದ್ಧ. ಎಕರೆಗೆ ಒಂದು ಇಂಚು ಅಂದರೆ ಸುಮಾರು 1.03 ಲಕ್ಷ ಲೀಟರ್, ಒಟ್ಟು 6.2 ಲಕ್ಷ. ದಿನಕ್ಕೆ 10 ಗಂಟೆ ಓಡಿಸಿದರೆ ಸೆಕೆಂಡಿಗೆ 4.3 ಲೀಟರ್. ಇನ್ನು ಗೊತ್ತಿಲ್ಲದ್ದು ಕೆರೆಯಿಂದ ತೋಟದ ನೆತ್ತಿಗೆ ಎಷ್ಟು ಎತ್ತರ ಅನ್ನೋದು. ಅದು 30 ಮೀಟರ್ ಆದರೆ, ಸ್ಪ್ರಿಂಕ್ಲರ್ ಒತ್ತಡಕ್ಕೆ 25, ಪೈಪಿನ ನಷ್ಟಕ್ಕೆ 10 ಸೇರಿಸಿ 65 ಮೀಟರ್. ಪಂಪಿನ ದಕ್ಷತೆ ಅರ್ಧ ಅಂತ ಹಿಡಿದರೆ 7.5 ಎಚ್‌ಪಿ ಸಾಕು. ಎತ್ತರ 50 ಆದರೆ 10 ಎಚ್‌ಪಿ ಬೇಕು. ಅಳತೆ ಬದಲಾದರೆ ಮೋಟಾರಿನ ಸೈಜ್ ಬದಲಾಗುತ್ತೆ, ಯೋಜನೆ ಅದೇ. ಇಲ್ಲಿ ಒಂದೇ ಪ್ರಶ್ನೆ ಕೇಳಿ, ಅಳೆಯೋ ದಾರಿಯನ್ನೂ ಹೇಳಿಕೊಡಿ: "ಹಳೇ ಪೈಪ್ ಲೈನ್ ಇದ್ರೆ ಮೇಲಿನವರೆಗೂ ನೀರು ತುಂಬಿಸಿ, ಪಂಪ್ ನಿಲ್ಲಿಸಿ, ಕೆಳಗಡೆ ಗೇಜ್ ಎಷ್ಟು ತೋರಿಸುತ್ತೆ ನೋಡಿ ಹೇಳಿ ಸಾರ್." ಒಂದು ಕೆಜಿ ಒತ್ತಡ ಅಂದರೆ ಹತ್ತು ಮೀಟರ್. ನಡುವೆ ವಾಲ್ವ್ ಮುಚ್ಚಿದ್ದರೆ ಗೇಜ್ ಸುಳ್ಳು ಹೇಳುತ್ತೆ, ಅದನ್ನೂ ನೆನಪಿಸಿ.

"ತೋಟಕ್ಕೆ ನೀರಿನ ವ್ಯವಸ್ಥೆ ಸರಿಯಾಗಿ ಆಗಬೇಕು" ಅಂದವರ ಕಥೆ ಬೇರೆ. ಇಲ್ಲಿ ಯಾವ ಲೆಕ್ಕ ಬರೆಯಬೇಕು ಅನ್ನೋದೇ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ಹೂವಿನ ನೀರಿದ್ದರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಎತ್ತಬೇಕು. ಬೇಸಿಗೆಯಲ್ಲಿ ಮೆಣಸಿಗೆ ಡ್ರಿಪ್ ಆದರೆ, 1,600 ಬಳ್ಳಿಗೆ ಎಂಟೆಂಟು ಲೀಟರ್ ಅಂತ ಹಿಡಿದರೂ ದಿನಕ್ಕೆ 12,800. ಅದಕ್ಕೆ ಮೋಟಾರಿಗಿಂತ ಫಿಲ್ಟರ್, ಟ್ಯಾಂಕ್ ಮುಖ್ಯ.

ಎಡವೋದು ಇಲ್ಲೇ. ಗುರಿ ಗೊತ್ತಾಗದಿದ್ದಾಗಲೂ ಅಂಗಡಿಯವರು ಅಭ್ಯಾಸಬಲದಿಂದ "ಎತ್ತರ ಎಷ್ಟು?" ಅಂತಾರೆ. ಗಿರಾಕಿ 30 ಅಂತಾರೆ. ಅಂಕಿ ಸಿಕ್ಕ ತಕ್ಷಣ ಇಬ್ಬರಿಗೂ ವಿಷಯ ತಿಳಿಯಾಯ್ತು ಅನಿಸುತ್ತೆ, ಕೊಟೇಶನ್ನೂ ಬರುತ್ತೆ. ಆದರೆ ಆ 30 ಎರಡೂ ಕೆಲಸಕ್ಕೆ ಹೊಂದುತ್ತೆ, ಯಾವುದು ಬೇಕು ಅಂತ ಅದು ಹೇಳಲ್ಲ. ಗೊತ್ತಾಗೋದು ಮಾರ್ಚ್‌ನಲ್ಲಿ, ಮೊಗ್ಗು ನೀರಿಗೆ ಕಾಯ್ತಾ ಇರುವಾಗ.

"ನಿಮಗೇನು ಬೇಕು?" ಅಂತ ಕೇಳಿದರೂ ಉಪಯೋಗವಿಲ್ಲ, "ಒಳ್ಳೇದು ಕೊಡಿ" ಅಂತಾರೆ ಅಷ್ಟೆ. ಎರಡು ಚಿತ್ರ ಮುಂದಿಡಿ: "ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನಾಲ್ಕೇ ದಿನದಲ್ಲಿ ತೋಟ ಪೂರ್ತಿ ನೆನೆಸಬೇಕಾ, ಇಲ್ಲ ಮೇವರೆಗೂ ಮೆಣಸಿಗೆ ದಿನಾ ಸ್ವಲ್ಪ ಸ್ವಲ್ಪ ಕೊಡಬೇಕಾ?" ಎರಡೂ ಬೇಕು ಅಂದರೆ ಕೇಳಿ: "ನೀರು ಒಂದಕ್ಕೇ ಸಾಲೋದಾದರೆ ಯಾವುದನ್ನ ಬಿಡ್ತೀರಿ?" ಉತ್ತರ ಬಂದ ಮೇಲೆ ಗೇಜ್ ವಿಷಯ ತೆಗೀರಿ. ಹೂವಿಗೆ ಅಂದವರ ಹತ್ತಿರ, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ಅಂತ ಎರಡನೇ ಸಲ ಕೊಡೋಕೆ ಕೆರೆಯಲ್ಲಿ ನೀರು ಉಳಿಯುತ್ತಾ ಅಂತಲೂ ಕೇಳಿ.