ಸಂಗೀತ ಕಲಿಕೆಯಲ್ಲಿ ಯಾವ ಲೆಕ್ಕ ಇಡಬೇಕು: ಗಂಟೆಗಳದ್ದಾ, ಕೃತಿಗಳದ್ದಾ?

"ಎರಡು ವರ್ಷದಿಂದ ಕರ್ನಾಟಕ ಸಂಗೀತ ಹಾಡಲು ಕಲಿಯುತ್ತಿದ್ದೇನೆ. 14 ಕೃತಿ ಬಂದಿವೆ. ಈ ವರ್ಷದ ಗುರಿಯನ್ನು 30 ಕೃತಿ ಅಂತ ಇಡಲಾ, ಅಥವಾ 400 ಗಂಟೆ ಅಭ್ಯಾಸ ಅಂತ ಇಡಲಾ?"

ಎರಡೂ ಬೇಡ. ನಾನು ಈ ಎರಡನ್ನೂ ಮೂರು ವರ್ಷ ಬರೆದಿಟ್ಟವಳು. ನೋಟ್‌ಬುಕ್ಕಿನ ಒಂದು ಕಡೆ ಗಂಟೆ, ಇನ್ನೊಂದು ಕಡೆ ಕಲಿತ ಕೃತಿಗಳ ಹೆಸರು. ಕೃತಿಗಳು 22 ಆದಾಗ ನಮ್ಮ ಬಡಾವಣೆಯ ರಾಮನವಮಿಗೆ ಅರ್ಧ ಗಂಟೆ ಹಾಡಲು ಕರೆದರು. ಮೊದಲ ಸಲ ಪಿಟೀಲು, ಮೃದಂಗ ಜೊತೆಗಿದ್ದವು. ಎರಡನೇ ಕೃತಿಯ ಚರಣಕ್ಕೆ ಬರುವಷ್ಟರಲ್ಲಿ ನನ್ನ ಶ್ರುತಿ ಇಳಿದಿತ್ತು, ಕಾಲಪ್ರಮಾಣ ಓಡುತ್ತಿತ್ತು. ಪಿಟೀಲಿನವರು ನನ್ನ ಕಡೆ ನೋಡುತ್ತಲೇ ಇದ್ದರು. ಅದು ಯಾಕೆ ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದು ರೆಕಾರ್ಡಿಂಗ್ ಕೇಳಿದಾಗ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಹೀಗೇ ಅಭ್ಯಾಸ ಮಾಡುತ್ತಾರೆ. ಗುರುಗಳ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದೆ. ಮನೆಯಲ್ಲಿ ಅದನ್ನು ಹಾಕಿಕೊಂಡು ಜೊತೆಗೆ ಹಾಡುತ್ತಿದ್ದೆ. ಅವರ ದನಿ ನನ್ನ ಶ್ರುತಿಯನ್ನು ಹಿಡಿದಿಡುತ್ತಿತ್ತು, ಅವರ ತಾಳ ನನ್ನ ಓಟವನ್ನು ತಡೆಯುತ್ತಿತ್ತು. ಸಾಹಿತ್ಯ ಬಾಯಿಪಾಠ ಆದ ಕೂಡಲೇ "ಕೃತಿ ಬಂತು" ಅಂತ ಬರೆದುಕೊಳ್ಳುತ್ತಿದ್ದೆ. ಅಂದರೆ ನಾನು ಎಣಿಸುತ್ತಿದ್ದದ್ದು ನೆನಪನ್ನು, ಹಾಡುಗಾರಿಕೆಯನ್ನಲ್ಲ. ಗಂಟೆಗಳೂ ಅಷ್ಟೇ. ಆ ಗಂಟೆಗಳಲ್ಲಿ ನಾನು ಒಬ್ಬಳೇ ಹಾಡಿದ್ದು ಹತ್ತು ನಿಮಿಷವೂ ಇರಲಿಲ್ಲ.

ಗುರುಗಳು ಹೇಳಿದ್ದು ಒಂದೇ ಮಾತು: "ಹೊಸ ಕೃತಿ ಸದ್ಯಕ್ಕೆ ಸಾಕಮ್ಮ. ಮೊದಲನೇ ಸರಳೆ ಹಾಡು, ನಾನು ಗಡಿಯಾರ ನೋಡ್ತೀನಿ."

ಇವತ್ತಿಗೂ ನನ್ನ ಅಳತೆ ಅದೇ. ನೀವೂ ಮಾಡಿ ನೋಡಿ. ಮಾಯಾಮಾಳವಗೌಳದ ಮೊದಲ ಸರಳೆ ವರಸೆ, ಆದಿತಾಳ, ಮೊದಲ ಕಾಲ. ಆರೋಹಣ ಒಂದು ಆವರ್ತ, ಅವರೋಹಣ ಒಂದು ಆವರ್ತ. ಮೆಟ್ರೊನೋಮನ್ನು 60ಕ್ಕೆ ಇಟ್ಟು ಸ್ವಲ್ಪ ಹೊತ್ತು ಕೇಳಿ, ನಿಲ್ಲಿಸಿ. ತಂಬೂರಿಯನ್ನೂ ಒಂದು ನಿಮಿಷ ಕೇಳಿ, ಅದರ ಸದ್ದು ಪೂರ್ತಿ ತಗ್ಗಿಸಿ. ಈಗ ಸ್ಟಾಪ್‌ವಾಚ್ ಒತ್ತಿ, ಕೈಯಲ್ಲಿ ತಾಳ ಹಾಕುತ್ತಾ ಐದು ಸಲ ಹತ್ತಿ ಇಳಿಯಿರಿ. ಹತ್ತು ಆವರ್ತ, 80 ಅಕ್ಷರ, ಸರಿಯಾಗಿ 80 ಸೆಕೆಂಡ್ ಆಗಬೇಕು. ಮುಗಿಸಿ ಷಡ್ಜವನ್ನು ಹಿಡಿದುಕೊಂಡೇ ತಂಬೂರಿಯ ಸದ್ದು ಏರಿಸಿ. ದನಿ ಅದರಲ್ಲಿ ಕರಗಿದರೆ ಶ್ರುತಿ ನಿಂತಿದೆ. ಸ್ವಲ್ಪವೇ ತಪ್ಪಿದ್ದರೆ ಎರಡೂ ಸೇರಿದ ಕಡೆ ಅಲೆ ಅಲೆಯಾಗಿ ಕೇಳಿಸುತ್ತದೆ.

ನನಗೆ ಮೊದಲ ಸಲ ಬಂದದ್ದು 68 ಸೆಕೆಂಡ್. ರೆಕಾರ್ಡಿಂಗ್ ಕೇಳಿದಾಗ ಕಾರಣ ಸಿಕ್ಕಿತು. ಪ್ರತಿ ಆವರ್ತದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಅರ್ಧ ಅಕ್ಷರ ನುಂಗುತ್ತಿದ್ದೆ. ಹತ್ತು ಕಡೆ ಅರ್ಧರ್ಧ ಅಂದರೆ ಐದು ಸೆಕೆಂಡ್ ಅಲ್ಲೇ ಹೋಯಿತು. ಉಳಿದ ಏಳು ಸೆಕೆಂಡ್ ಅವರೋಹಣದಲ್ಲಿ ಓಡಿದ್ದು. ನೋಟ್‌ಬುಕ್ಕಿನ ಯಾವ ಗಂಟೆಯೂ ನನಗೆ ಇದನ್ನು ತೋರಿಸಿರಲಿಲ್ಲ. ಏನು ತಿದ್ದಬೇಕು ಅಂತ ಹೇಳದ ಅಂಕಿಯನ್ನು ಬರೆದು ಏನು ಪ್ರಯೋಜನ, ಹೇಳಿ?

ಒಂದು ಎಚ್ಚರಿಕೆ ಇದೆ. ಶ್ರುತಿ ಅಳೆಯುವ ಆ್ಯಪ್‌ಗಳ ಹಸಿರು ದೀಪದ ಹಿಂದೆ ಹೋಗಬೇಡಿ. ನಾನು ಹೋಗಿದ್ದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರ ಅಲ್ಲ, ಗಮಕದಲ್ಲಿ ತೂಗುತ್ತಲೇ ಇರಬೇಕು. ಆ್ಯಪ್ ಅದನ್ನು ತಪ್ಪು ಅಂತ ತೋರಿಸುತ್ತದೆ. ದೀಪ ಹಸಿರಾಗಲಿ ಅಂತ ನಾನು ಗಾಂಧಾರವನ್ನು ಅಲುಗಾಡಿಸದೆ ಹಿಡಿಯತೊಡಗಿದೆ. ಅಂಕಿ ಏರಿತು, ತೋಡಿಯೇ ಹೊರಟುಹೋಯಿತು. ಷಡ್ಜ, ಪಂಚಮ ಅಲುಗದೆ ನಿಲ್ಲುವ ಸ್ವರಗಳು. ಅವೆರಡಕ್ಕೆ ಮಾತ್ರ ಆ್ಯಪ್ ಬಳಸಿ. ಗಮಕಕ್ಕೆ ಗುರುಗಳ ಕಿವಿಯೇ ಬೇಕು.

ಪರೀಕ್ಷೆಗೆ ಕಟ್ಟಿದ್ದರೆ ಪಠ್ಯದಲ್ಲಿ ಇರುವಷ್ಟು ಕೃತಿ ಕಲಿಯಲೇಬೇಕು, ಅದು ಬೇರೆ ಮಾತು. ಇಲ್ಲದಿದ್ದರೆ 30ರ ಗುರಿ ಬಿಟ್ಟುಬಿಡಿ. ನಾನು ಮುಂದಿನ ಒಂದು ವರ್ಷದಲ್ಲಿ ಕಲಿತದ್ದು ಮೂರೇ ಕೃತಿ. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಹೊತ್ತಿಗೆ ಸರಳೆಯ ಪರೀಕ್ಷೆ ಮಾಡುತ್ತಿದ್ದೆ. ಹೊತ್ತು ಬದಲಾದರೆ ಗಂಟಲೂ ಬದಲಾಗುತ್ತದೆ, ಆಗ ಹೋಲಿಸಲು ಬರುವುದಿಲ್ಲ. ವರ್ಷದ ಕೊನೆಗೆ 78ರಿಂದ 81 ಸೆಕೆಂಡ್ ಒಳಗೆ ನಿಂತಿತು. ಷಡ್ಜ ಹತ್ತು ವಾರದಲ್ಲಿ ಎಂಟು ವಾರ ಸೇರುತ್ತಿತ್ತು. ಹಳೆಯ 22ರಲ್ಲಿ ತಂಬೂರಿ ಮಾತ್ರ ಇಟ್ಟುಕೊಂಡು ಪೂರ್ತಿ ಹಾಡಲು ಬಂದದ್ದು ಆರು.

ನಿಮ್ಮ 14ರಲ್ಲಿ ಹಾಗೆ ಎಷ್ಟು ನಿಲ್ಲುತ್ತವೆ? ಮೊದಲು ಸರಳೆ ಹಾಡಿ, ಎಷ್ಟು ಸೆಕೆಂಡ್ ಬಂತು ಅಂತ ಇಲ್ಲೇ ಬರೆಯಿರಿ.