ಶೇಂಗಾ ಹಿಂಡಿ ಹೆಸರು ಬದಲಿಸಬೇಕಾ?

"ಕೊಪ್ಪಳದ ನಮ್ಮ ಶೇಂಗಾ ಹಿಂಡಿ ಪ್ಯಾಕೆಟ್ ಅಮೆರಿಕದ ಕನ್ನಡಿಗರು ನೋಡ್ತಾರೆ, ತಗೊಳ್ಳಲ್ಲ. ಹೆಸರು ಬದಲಿಸಲಾ?"

ತೊಡಕು ಬಹುಶಃ 'ಹಿಂಡಿ' ಪದದಲ್ಲೇ ಇದೆ. ಮೈಸೂರು ಕಡೆಯವರಿಗೆ ಅದು ದನಕ್ಕೆ ಹಾಕೋ ಹಿಂಡಿ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷ್ ಅಕ್ಷರ ನೋಡಿ ಹಿಂದಿ ಭಾಷೆ ಅಂದ್ಕೊಳ್ತಾರೆ. ನಮ್ಮ ಪ್ಯಾಕೆಟ್ಟಿಗೂ ಹಿಂಗೇ ಆಗಿತ್ತು. ಹಂಗಂತ ಹೆಸರು ತೆಗೀಬ್ಯಾಡ್ರಿ, ನಮ್ಮ ಕಡೆಯವರು ಹುಡುಕೋದೇ ಅದನ್ನ.

ಮೊದಲು ಕನ್ನಡದಾಗ 'ಶೇಂಗಾ ಹಿಂಡಿ' ದೊಡ್ಡದಾಗೇ ಇರಲಿ, ಕೆಳಗೆ ಸಣ್ಣದಾಗಿ 'ಕಡಲೆಕಾಯಿ ಚಟ್ನಿಪುಡಿ' ಅಂತ ಹಾಕ್ರಿ. ಇಂಗ್ಲಿಷ್ ಸಾಲಿನಾಗ 'ಶೇಂಗಾ ಚಟ್ನಿ ಪೌಡರ್' ಸಾಕು. ಆಮೇಲೆ ಖಡಕ್ ರೊಟ್ಟಿ, ಗಟ್ಟಿ ಮೊಸರಿನ ಫೋಟೊ ಹಾಕಿದ್ರ ಹೆಂಗ ತಿನ್ನೋದು ಅಂತ ತಿಳೀತದ. ಶೇಂಗಾ ಅಲರ್ಜಿ ಸೂಚನೆ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಕಡ್ಡಾಯ.

ಖಾರದ ದೂರು ಬಂದಿದೆಯೋ ಇಲ್ಲೋ ನೀವು ಬರೆದಿಲ್ಲ. ಬಂದಿದ್ರ ಕಡಿಮೆ ಖಾರದ್ದು ಬೇರೆ ಪ್ಯಾಕೆಟ್ ಮಾಡ್ರಿ. ಮೂಲದ್ದರ ಬಳ್ಳೊಳ್ಳಿ, ಖಾರ ಮುಟ್ಟಬ್ಯಾಡ್ರಿ.