ಮೈನ್ ಹಾಕಿದ ಸಮುದ್ರದಲ್ಲಿ ದಾರಿ ಬಿಡಿಸುವುದು

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಕಾರಟಗಿಯಲ್ಲಿ ರೈಸ್ ಮಿಲ್ಲಿನ ಲೆಕ್ಕ ಬರೆಯುವವನು. ಹಾರ್ಮುಜ್ ಜಲಸಂಧಿಗೆ ಮೈನ್ ಹಾಕ್ತಾರಂತೆ ಅಂತ ಸುದ್ದಿ ಬಂದರೆ ಸಾಕು, ಗಲ್ಫ್‌ಗೆ ಅಕ್ಕಿ ಕಳಿಸೋರು ಖರೀದಿ ನಿಲ್ಲಿಸ್ತಾರೆ. ಅಷ್ಟು ದೊಡ್ಡ ಸಮುದ್ರ ನಾಲ್ಕು ಮೈನಿಗೆ ಹೇಗೆ ಬಂದ್ ಆಗುತ್ತೆ ಸರ್? ಮೇಲಿಂದ ಬಾಂಬ್ ಹಾಕಿ ಸಿಡಿಸಬಹುದಲ್ವಾ? ಇಲ್ಲಾಂದ್ರೆ ಗುಜರಿಗೆ ಹೋಗೋ ಹಳೇ ಹಡಗೊಂದನ್ನ ಮುಂದೆ ಬಿಟ್ಟರೆ? ನಮ್ಮ ದೇಶದ ಹತ್ರ ಇವನ್ನ ತೆಗೆಯೋ ಹಡಗು ಇವೆಯಾ?
— ಒಬ್ಬ ಓದುಗ, ಕಾರಟಗಿ, ಕೊಪ್ಪಳ ಜಿಲ್ಲೆ

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಎರಡು ಉಪಾಯಗಳನ್ನೂ ನೌಕಾಪಡೆಗಳು ನಿಜವಾಗಿ ಮಾಡಿ ನೋಡಿವೆ. ಒಂದು ಕೆಲಸ ಮಾಡಲಿಲ್ಲ. ಇನ್ನೊಂದು ಕೊನೆಯಲ್ಲಿ ಮಾತ್ರ ಪ್ರಯೋಜನಕ್ಕೆ ಬಂತು. ಅದನ್ನು ಹೇಳುವ ಮೊದಲು ಮೈನ್ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ತುಂಬಾ ಹಳೆಯದು, ಇವತ್ತಿಗೂ ಬಳಕೆಯಲ್ಲಿರುವುದು, ಲಂಗರು ಕಟ್ಟಿದ ಮೈನ್. ಒಳಗೆ ಮದ್ದು ತುಂಬಿದ ಕಬ್ಬಿಣದ ಗುಂಡು. ಮದ್ದಿನ ತೂಕ ನೂರು ಕಿಲೋ ಇರಬಹುದು, ಇನ್ನೂರು ದಾಟಿರಬಹುದು. ಮೇಲೆ ಕೊಂಬುಗಳು ಇರುತ್ತವೆ. ಕೊಂಬು ಮೆತ್ತನೆಯ ಸೀಸದ್ದು. ಅದರೊಳಗೆ ಆಮ್ಲ ತುಂಬಿದ ಒಂದು ಗಾಜಿನ ಕೊಳವೆ. ಹಡಗಿನ ಮೈ ತಗುಲಿದರೆ ಸೀಸ ಬಾಗುತ್ತದೆ, ಗಾಜು ಒಡೆಯುತ್ತದೆ. ಆಮ್ಲ ಕೆಳಗಿಳಿದು ಒಣಗಿದ್ದ ಬ್ಯಾಟರಿಗೆ ಸೇರುತ್ತದೆ. ಆ ಕ್ಷಣದಲ್ಲಿ ಮಾತ್ರ ಕರೆಂಟ್ ಹುಟ್ಟಿ ಮದ್ದು ಸಿಡಿಯುತ್ತದೆ. ಮೊದಲೇ ಚಾರ್ಜ್ ಆದ ಬ್ಯಾಟರಿ ಇಲ್ಲವಾದ್ದರಿಂದ ಅದು ಸೋರಿ ಖಾಲಿಯಾಗುವ ಮಾತೇ ಇಲ್ಲ. ವರ್ಷಗಟ್ಟಲೆ ನೀರಲ್ಲಿದ್ದರೂ ಕೊಂಬು ಕೊಂಬೇ.

ಇದನ್ನು ಹಾಕುವುದು ಇನ್ನೂ ಸುಲಭ. ಗುಂಡು ಮತ್ತು ಅದರ ಭಾರದ ಲಂಗರುಪೆಟ್ಟಿಗೆಯನ್ನು ಜೋಡಿಯಾಗಿ ನೀರಿಗೆ ತಳ್ಳುತ್ತಾರೆ. ಗುಂಡು ಮೇಲೆ ತೇಲುತ್ತದೆ, ಪೆಟ್ಟಿಗೆ ಹಗ್ಗ ಬಿಚ್ಚಿಕೊಳ್ಳುತ್ತಾ ಮುಳುಗುತ್ತದೆ. ಪೆಟ್ಟಿಗೆಯ ಕೆಳಗೆ ನಾಲ್ಕು ಮೀಟರಿನ ದಾರದಲ್ಲಿ ಒಂದು ಸಣ್ಣ ತೂಕ ನೇತಾಡುತ್ತಿರುತ್ತದೆ ಅಂತಿಟ್ಟುಕೊಳ್ಳಿ. ತೂಕ ಮೊದಲು ತಳ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಹಗ್ಗದ ರಾಟೆ ಲಾಕ್ ಆಗುತ್ತದೆ. ಪೆಟ್ಟಿಗೆ ಉಳಿದ ನಾಲ್ಕು ಮೀಟರ್ ಇಳಿಯುವಾಗ ಗುಂಡನ್ನೂ ನಾಲ್ಕು ಮೀಟರ್ ಕೆಳಕ್ಕೆ ಎಳೆಯುತ್ತದೆ. ಅಲ್ಲಿ ಸಮುದ್ರ ಎಷ್ಟು ಆಳ ಅಂತ ಹಾಕುವವನಿಗೆ ಗೊತ್ತಿರಬೇಕಾಗಿಯೇ ಇಲ್ಲ. ಯುದ್ಧನೌಕೆಯೂ ಬೇಡ, ಮೀನು ಹಿಡಿಯುವ ದೋಣಿಯಿಂದಲೂ ತಳ್ಳಬಹುದು.

ಹೀಗೆ ಹಾಕಿದ್ದನ್ನು ತೆಗೆಯುವುದು ಎಷ್ಟು ಕಷ್ಟ ಅನ್ನುವುದಕ್ಕೆ ವೊನ್ಸಾನ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅದು ಉತ್ತರ ಕೊರಿಯಾದ ಪೂರ್ವ ಕರಾವಳಿಯ ಬಂದರು. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1950ರ ಅಕ್ಟೋಬರಿನಲ್ಲಿ, ಅಮೆರಿಕದ ಪಡೆ ಅಲ್ಲಿ ಇಳಿಯಬೇಕಿತ್ತು. ಸುಮಾರು 250 ಹಡಗುಗಳ ದಂಡು ಹೊರಟಿತ್ತು. ಎದುರಿಗೆ ನೌಕಾಪಡೆ ಅಂತ ಹೇಳಿಕೊಳ್ಳುವಂಥದ್ದು ಇರಲೇ ಇಲ್ಲ. ಆದರೆ ಸೋವಿಯತ್ ತಜ್ಞರು ಹೇಳಿಕೊಟ್ಟು, ಸ್ಥಳೀಯರು ನಾಡದೋಣಿಗಳಿಂದ ಸುಮಾರು 3,000 ಮೈನ್ ಹಾಕಿದ್ದರು.

ಅಕ್ಟೋಬರ್ 10ರಂದು ಮೈನ್ ತೆಗೆಯುವ ಹಡಗುಗಳು, ಅಂದರೆ ಮೈನ್‌ಸ್ವೀಪರ್‌ಗಳು, ಕೆಲಸ ಶುರು ಮಾಡಿದವು. ಅವು ಮಾಡುವುದು ಇಷ್ಟು: ಹಡಗಿನ ಹಿಂದೆ, ಓರೆಯಾಗಿ, ಉದ್ದನೆಯ ಉಕ್ಕಿನ ತಂತಿ ಎಳೆಯುತ್ತವೆ. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಹಾಕಿ ತಡಕಿದ ಹಾಗೆ, ನೀರೊಳಗೆ ಕಣ್ಣಿಗೆ ಕಾಣದ್ದನ್ನು ತಂತಿಯಿಂದ ತಡಕುವುದು. ತಂತಿಯ ತುದಿಯಲ್ಲಿ ಒಂದು ತೇಲು. ಅದರ ಕೆಳಗಿನ ಹಲಗೆ ತಂತಿಯನ್ನು ಪಕ್ಕಕ್ಕೆ ಎಳೆದು ಹಿಡಿಯುತ್ತದೆ. ಹಡಗಿನ ಹತ್ತಿರ ಇನ್ನೊಂದು ಹಲಗೆ ತಂತಿಯನ್ನು ಬೇಕಾದ ಆಳಕ್ಕೆ ಒತ್ತುತ್ತದೆ. ಮೈನಿನ ಲಂಗರು ಹಗ್ಗ ತಂತಿಗೆ ಸಿಕ್ಕಿ ಜಾರುತ್ತಾ ಹೋಗಿ ತಂತಿಗೆ ಕಟ್ಟಿದ ಕತ್ತರಿಗೆ ಬೀಳುತ್ತದೆ. ಹಗ್ಗ ತುಂಡಾದರೆ ಗುಂಡು ಮೇಲೆ ತೇಲಿ ಬರುತ್ತದೆ. ಆಮೇಲೆ ದೂರದಿಂದ ಬಂದೂಕಿನಲ್ಲಿ ಹೊಡೆದು ಮುಳುಗಿಸುತ್ತಾರೆ, ಇಲ್ಲವೇ ಸಿಡಿಸುತ್ತಾರೆ.

ಇಲ್ಲೊಂದು ತೊಡಕಿದೆ. ತಂತಿ ಇರುವುದು ಹಡಗಿನ ಹಿಂದೆ. ಹಡಗಿನ ಮುಂದಿನ ನೀರು ಇನ್ನೂ ಯಾರೂ ತಡಕದ ನೀರು. ಅದಕ್ಕೇ ಇವು ಮೆಟ್ಟಿಲಿನಂತೆ ಓರೆಸಾಲಿನಲ್ಲಿ ಹೋಗುತ್ತವೆ. ಎರಡನೆಯದು ಮೊದಲನೆಯದು ತಡಕಿದ ಜಾಗದಲ್ಲಿ, ಮೂರನೆಯದು ಎರಡನೆಯದರ ಜಾಗದಲ್ಲಿ. ಮುಂದಿನ ಹಡಗಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ.

ವೊನ್ಸಾನ್‌ನಲ್ಲಿ ಮೊದಲ ದಿನ ಕೆಲಸ ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್, ಮುಂದೆ ಸಾಲು ಸಾಲಾಗಿ ಮೈನ್ ಇವೆ ಅಂತ ತಿಳಿಸಿತು. ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದರು. ಅಕ್ಟೋಬರ್ 12ರ ಬೆಳಿಗ್ಗೆ ನೀವು ಹೇಳಿದ್ದನ್ನೇ ಮಾಡಿದರು. ವಿಮಾನವಾಹಕ ಹಡಗುಗಳಿಂದ ಹಾರಿದ ವಿಮಾನಗಳು ದಾರಿಯುದ್ದಕ್ಕೂ ಸಾಲಾಗಿ ಭಾರಿ ಬಾಂಬ್ ಹಾಕಿದವು. ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಕಾರಣ ಸರಳ. ಮೈನಿನ ಕವಚ ಗಟ್ಟಿ, ತೀರ ಪಕ್ಕದಲ್ಲೇ ಸಿಡಿದರೆ ಮಾತ್ರ ಅದು ಒಡೆಯುತ್ತದೆ. ಎಲ್ಲಿದೆ ಅಂತ ಗೊತ್ತಿಲ್ಲದೆ ಹಾಕಿದ ಬಾಂಬ್ ಅಷ್ಟು ಹತ್ತಿರ ಬೀಳುವುದು ಅಪರೂಪ. ಇನ್ನೂ ಕೆಟ್ಟದ್ದೇನೆಂದರೆ, ಬಾಂಬ್ ಹಾಕಿದ ಮೇಲೂ ಎಷ್ಟು ಹೋದವು, ಎಷ್ಟು ಉಳಿದವು ಅನ್ನುವುದು ತಿಳಿಯುವುದಿಲ್ಲ.

ಅದೇ ದಿನ ಪೈರೇಟ್, ಪ್ಲೆಡ್ಜ್, ಇನ್‌ಕ್ರೆಡಿಬಲ್ ಅನ್ನುವ ಮೂರು ಉಕ್ಕಿನ ಸ್ವೀಪರ್‌ಗಳು ಒಳಗೆ ಹೋದವು. ಪೈರೇಟ್ ಮುಂದಿತ್ತು. ತಂತಿಗಳು ಒಂದಾದ ಮೇಲೊಂದು ಮೈನ್ ಕತ್ತರಿಸುತ್ತಿದ್ದವು. ಮುಂದೆ ಇನ್ನೂ ಇವೆ ಅಂತ ಗೊತ್ತಾದರೂ ತಿರುಗಲು ಜಾಗ ಇರಲಿಲ್ಲ. ಪೈರೇಟ್ ಮೈನಿಗೆ ತಗುಲಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಹತ್ತಿರದ ದ್ವೀಪದ ಮೇಲಿಂದ ಶತ್ರುವಿನ ತೋಪುಗಳು ಗುಂಡು ಹಾರಿಸತೊಡಗಿದವು. ಪ್ಲೆಡ್ಜ್ ತಂತಿ ಕಡಿದು ಹಿಂದಿರುಗಲು ಹೋಗಿ, ತಡಕದ ನೀರಿಗೆ ಬಂದು, ಅದೂ ಮುಳುಗಿತು. ಆ ಹಡಗುಗಳಲ್ಲಿದ್ದ ಹುಡುಗರನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇಷ್ಟಾಗಿ, ತಂತಿಗೆ ಸಿಗದ ಜಾತಿಯೂ ಅಲ್ಲಿತ್ತು. ಅದು ತಳದಲ್ಲಿ ಮಲಗಿರುವ ಕಾಂತದ ಮೈನ್. ಅದಕ್ಕೆ ಲಂಗರು ಹಗ್ಗವೇ ಇಲ್ಲ, ತಂತಿ ಮೇಲಿಂದ ಸುಮ್ನೆ ದಾಟಿ ಹೋಗುತ್ತದೆ. ನಮ್ಮ ತೋರಣಗಲ್ಲಿನಲ್ಲಿ ಆದ ಉಕ್ಕಿರಲಿ, ಇನ್ನೆಲ್ಲಿಯದೇ ಇರಲಿ, ಹಡಗಾಗಿ ಕಟ್ಟಿದ ಮೇಲೆ ಭೂಮಿಯ ಕಾಂತಶಕ್ತಿಯಿಂದ ತಾನೂ ಒಂದು ದೊಡ್ಡ ಆಯಸ್ಕಾಂತವಾಗುತ್ತದೆ. ಹಡಗು ಮೇಲೆ ಬಂದಾಗ ಆಗುವ ಆ ಸಣ್ಣ ಬದಲಾವಣೆಯನ್ನು ತಳದ ಮೈನ್ ಗುರುತಿಸುತ್ತದೆ. ಅಕ್ಟೋಬರ್ 18ರಂದು ದಕ್ಷಿಣ ಕೊರಿಯಾದ ಒಂದು ಸ್ವೀಪರ್ ಹೀಗೆಯೇ ಸ್ಫೋಟಗೊಂಡು ಹೋಯಿತು. ಅದುವರೆಗೆ ಆ ಜಾಗ ಸುರಕ್ಷಿತ ಅಂದುಕೊಂಡಿದ್ದರು.

ಇಂಥವಕ್ಕೆ ಮರದ ಅಥವಾ ಫೈಬರ್ ಮೈಯ ಹಡಗು ಬೇಕು. ಅದು ಹಿಂದೆ ದಪ್ಪ ಕೇಬಲ್ ಎಳೆದು, ಅದರಲ್ಲಿ ಕರೆಂಟ್ ಹರಿಸಿ, ದೊಡ್ಡ ಹಡಗಿನಂಥ ಕಾಂತಬಲ ತೋರಿಸಿ ಮೈನನ್ನು ಹಿಂದೆಯೇ ಸಿಡಿಸುತ್ತದೆ. ಇದಕ್ಕೂ ಮೈನ್ ಮಾಡುವವರು ಉತ್ತರ ಕಂಡುಕೊಂಡಿದ್ದಾರೆ. ಒಳಗೆ ಎಣಿಕೆಯ ಯಂತ್ರ ಇಡುತ್ತಾರೆ. ಹತ್ತು ಹಡಗು ಬಿಟ್ಟು ಹನ್ನೊಂದನೆಯದಕ್ಕೆ ಸಿಡಿ ಅಂತ ಹೊಂದಿಸಬಹುದು. ಹಾಗಾಗಿ ಒಂದೇ ಜಾಗದ ಮೇಲೆ ಹತ್ತಾರು ಸಲ ಓಡಾಡಬೇಕು. ಏನೂ ಸಿಡಿಯಲಿಲ್ಲ ಅಂದರೆ ಅಲ್ಲಿ ಏನೂ ಇಲ್ಲವೋ, ಎಣಿಕೆ ಇನ್ನೂ ಮುಗಿದಿಲ್ಲವೋ ಹೇಳುವುದು ಹೇಗೆ? ಈಗ ಶಬ್ದದ ಪ್ರತಿಧ್ವನಿಯಿಂದ ನೀರೊಳಗಿನದನ್ನು ಗುರುತಿಸುವ ಸೋನಾರ್ ಹಿಡಿದು ತಳದ ಒಂದೊಂದು ವಸ್ತುವನ್ನೂ ನೋಡಿ, ನೀರೊಳಗೆ ಹೋಗುವ ಸಣ್ಣ ಯಂತ್ರವನ್ನೋ ಮುಳುಗುಗಾರನನ್ನೋ ಕಳಿಸಿ, ಪಕ್ಕದಲ್ಲಿ ಮದ್ದಿಟ್ಟು ಸಿಡಿಸುವ ಪದ್ಧತಿಯೂ ಇದೆ. ಅದು ಹೆಚ್ಚು ನಂಬಿಕೆಯದು, ಆದರೆ ಇನ್ನೂ ನಿಧಾನ. ಡ್ರಮ್ಮು, ಬಂಡೆ, ಹಳೇ ಲಂಗರು ಎಲ್ಲವೂ ಸೋನಾರಿನಲ್ಲಿ ಮೈನಿನ ಹಾಗೇ ಕಾಣುತ್ತವೆ. ಎಲ್ಲವನ್ನೂ ಪರೀಕ್ಷಿಸಲೇಬೇಕು.

ವೊನ್ಸಾನ್‌ನ ದಂಡು ಸುಮಾರು ಒಂದು ವಾರ ಸಮುದ್ರದಲ್ಲೇ ಮೇಲೆ ಕೆಳಗೆ ಓಡಾಡಿತು. ಕೊನೆಗೆ ಅಕ್ಟೋಬರ್ 25ರ ಹೊತ್ತಿಗೆ ಪಡೆ ಇಳಿಯತೊಡಗಿತು. ಅಷ್ಟರಲ್ಲಿ ದಕ್ಷಿಣ ಕೊರಿಯಾದ ಸೈನಿಕರು ನೆಲದ ದಾರಿಯಲ್ಲಿ ಬಂದು ಊರನ್ನು ಹಿಡಿದು ಎರಡು ವಾರವಾಗಿತ್ತು.

ಇನ್ನು ಹಳೇ ಹಡಗಿನ ವಿಚಾರ. 1972ರ ಮೇ ತಿಂಗಳಲ್ಲಿ ಅಮೆರಿಕದ ವಿಮಾನಗಳು ಉತ್ತರ ವಿಯೆಟ್ನಾಮಿನ ಹೈಫಾಂಗ್ ಬಂದರಿನ ದಾರಿಗೆ ಮೊದಲ ದಿನ ಹಾಕಿದ್ದು 36 ಮೈನ್. ಮೂರು ದಿನ ಬಿಟ್ಟು ಜೀವ ತುಂಬುವಂತೆ ಹೊಂದಿಸಿ, ಹೊರಡುವವರು ಹೊರಡಿ ಅಂತ ಸಾರಿದರು. ಕೆಲವು ಹಡಗುಗಳು ಹೊರಟವು. ಉಳಿದವು ಸುಮಾರು 300 ದಿನ ಅಲ್ಲೇ ನಿಂತವು. ಆಗ ಯಾವ ಹಡಗಿಗೂ ಮೈನ್ ತಗುಲಿ ಬಂದರು ನಿಂತದ್ದಲ್ಲ. ಇದೆ ಅನ್ನುವ ಸಂಗತಿ ಸಾಕಾಯಿತು. 1973ರಲ್ಲಿ ತೆರವು ಮಾಡಿದಾಗ, ಹೆಲಿಕಾಪ್ಟರ್‌ಗಳು ನೀರಿನ ಮೇಲೆ ಕಾಂತದ ಯಂತ್ರ ಎಳೆದುಕೊಂಡು ತಿಂಗಳುಗಟ್ಟಲೆ ಓಡಾಡಿದವು. ಮೈನ್‌ಗಳನ್ನು ಅಷ್ಟರಲ್ಲಿ ತಾವಾಗಿಯೇ ನಿಷ್ಕ್ರಿಯವಾಗುವಂತೆ ಮೊದಲೇ ಹೊಂದಿಸಿದ್ದರು. ಸಿಡಿದದ್ದು ಒಂದೇ. ಎಲ್ಲ ಮುಗಿದ ಮೇಲೆ ನೊರೆಪದಾರ್ಥ ತುಂಬಿದ ಒಂದು ಹಳೆಯ ಹಡಗನ್ನು, ತಾವಾಗಿ ಮುಂದೆ ಬಂದ ಕೆಲವೇ ನಾವಿಕರ ಕೈಗೆ ಕೊಟ್ಟು, ದಾರಿಯಲ್ಲಿ ಹಲವು ಸಲ ಓಡಿಸಿದರು. ನಿಮ್ಮ ಉಪಾಯ ಅಲ್ಲಿ ಬಂತು, ಖಾತ್ರಿ ಮಾಡಿಕೊಳ್ಳಲು. ತೆರವಿಗೆ ಅಲ್ಲ, ಯಾಕೆಂದರೆ ಎಣಿಕೆಯ ಮೈನ್ ಒಂದು ಹಡಗನ್ನು ಬಿಟ್ಟು ಮುಂದಿನದನ್ನು ಹೊಡೆಯುತ್ತದೆ. ಒಂದು ಹಡಗು ದಾಟಿದ್ದು ಎಲ್ಲರೂ ದಾಟಬಹುದು ಅನ್ನುವುದಕ್ಕೆ ಸಾಕ್ಷಿಯಲ್ಲ.

ನಿಮ್ಮ ಮಿಲ್ಲಿಗೆ ಇದು ಮುಟ್ಟುವುದು ಇನ್ಶೂರೆನ್ಸ್ ಮೂಲಕ. ಹಾರ್ಮುಜ್‌ನಲ್ಲಿ ಹಡಗುಗಳಿಗೆ ಗೊತ್ತು ಮಾಡಿದ ದಾರಿ ಹೋಗಲು ಎರಡು ನಾಟಿಕಲ್ ಮೈಲಿ, ಬರಲು ಎರಡು. ಮೈನ್ ಸುದ್ದಿ ಬಂದ ದಿನವೇ ಯುದ್ಧದ ಅಪಾಯದ ಪ್ರೀಮಿಯಂ ಏರುತ್ತದೆ. ಅದು ಬಾಡಿಗೆಗೆ ಸೇರುತ್ತದೆ, ಬಾಡಿಗೆ ಕ್ವಿಂಟಾಲ್ ರೇಟಿಗೆ. ದಾರಿ ತೆರೆಯಿತು ಅಂತ ಸುದ್ದಿ ಓದಿದಾಗ, ಎಷ್ಟು ಅಗಲ ತೆರೆದರು, ಎಷ್ಟು ಸಲ ತಡಕಿದರು ಅಂತಲೂ ಹುಡುಕಿ ಓದಿ. ಮೊದಲು ತೆರೆಯುವುದು ಒಂದು ಸಣ್ಣ ಕಾಲುವೆ ಮಾತ್ರ. ಅದರಲ್ಲಿ ಹಡಗುಗಳು ಸರದಿಯಲ್ಲಿ ಹೋಗಬೇಕು.

ಕೊನೆಯ ಪ್ರಶ್ನೆಗೆ ಉತ್ತರ ಸಂತೋಷದ್ದಲ್ಲ. ನಮ್ಮ ನೌಕಾಪಡೆಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ 12 ಮೈನ್‌ಸ್ವೀಪರ್‌ಗಳಿದ್ದವು. ಒಂದಕ್ಕೆ ನಮ್ಮ ಕಾರವಾರದ ಹೆಸರೇ ಇತ್ತು. ಐಎನ್‌ಎಸ್ ಕಾರವಾರ 2017ರ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಕೊನೆಯದು, ಐಎನ್‌ಎಸ್ ಕೋಜಿಕ್ಕೋಡ್, 2019ರ ಏಪ್ರಿಲ್‌ನಲ್ಲಿ ಹೋಯಿತು. ಬದಲಿಗೆ ಗೋವಾ ಶಿಪ್‌ಯಾರ್ಡ್‌ನಲ್ಲಿ ದಕ್ಷಿಣ ಕೊರಿಯಾದ ಕಂಪನಿಯ ಜೊತೆ ಸೇರಿ 12 ಹೊಸ ಹಡಗು ಕಟ್ಟುವ ಯೋಜನೆ 2018ರಲ್ಲೇ ಮುರಿದುಬಿದ್ದಿತ್ತು. ನವಮಂಗಳೂರು ಬಂದರಿನ ದಾರಿಗೆ ಯಾರಾದರೂ ನಾಲ್ಕು ಮೈನ್ ತಳ್ಳಿದರೆ ತೆಗೆಯಲು ಹಡಗು ಬೇಕಲ್ಲವೇ? ಇಷ್ಟು ಉದ್ದ ಕರಾವಳಿ ಇರುವ ದೇಶ ಈ ಕೆಲಸವನ್ನು ಇಷ್ಟು ವರ್ಷ ಮುಂದಕ್ಕೆ ಹಾಕಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.